ಮೇಣ ಕರಗಿ ಕಂಚು ನಿಂತ ಬಗೆ
ಕಲ್ಯಾಣದ ಚಾಲುಕ್ಯ ಅರಸನು ಬರೆದಿರಿಸಿದ ಎರಕದ ವಿಧಾನ

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ, ಶ್ರವಣಬೆಳಗೊಳದಿಂದ ಅಲ್ಲಿಗೆ ಹೋಗಿ ಸೇರಿದ ಬಾಹುಬಲಿಯ ಕಂಚಿನ ವಿಗ್ರಹವೊಂದುಂಟು. ಅದರ ಎತ್ತರ ಸುಮಾರು ಅರ್ಧ ಮೀಟರು. ಕಾಲ ಎಂಟು-ಒಂಬತ್ತನೆಯ ಶತಮಾನದ ಆಸುಪಾಸು. ತೋಳುಗಳನ್ನು ಇಳಿಯಬಿಟ್ಟು ನಿಶ್ಚಲನಾಗಿ ನಿಂತ ಯೋಗಿಯ ಕಾಲು, ತೊಡೆ, ತೋಳುಗಳನ್ನು ಬಳಸಿಕೊಂಡು ಬಳ್ಳಿ ಮೇಲೇರಿದೆ. ಹಿಂದಕ್ಕೆ ಬಾಚಿದ ಕೂದಲು ಸುರುಳಿ ಸುರುಳಿಯಾಗಿ ಹೆಗಲ ಮೇಲೆ ಇಳಿದಿದೆ. ಬಳ್ಳಿಯ ದಂಟು ಮೈಗೆ ತಾಗಿಯೂ ತಾಗದಂತಿದ್ದು, ಅದರ ಎಲೆಗಳು ಅಂಗಕ್ಕೆ ಒರಗಿ ನಿಂತಿರುವುದನ್ನು ನೋಡಿದವನಿಗೆ, ಸಹಸ್ರ ಡಿಗ್ರಿಯ ಬೆಂಕಿಯಲ್ಲಿ ಕುದಿದು ಹರಿದ ಲೋಹವು ಇಷ್ಟು ಕೃಶವಾದ ಎಡೆಗಳನ್ನು ಹೇಗೆ ಹೊಕ್ಕಿತು, ಹೊಕ್ಕು ಹೇಗೆ ಅಲ್ಲಿಯೇ ನಿಂತಿತು ಎಂಬ ಪ್ರಶ್ನೆ ಏಳದೆ ಇರದು.

ಪ್ರಶ್ನೆಯ ಕಾಠಿಣ್ಯವನ್ನು ಅರಿಯಬೇಕಾದರೆ ಬೇರೊಂದು ವಿಧಾನವನ್ನು ಊಹಿಸಿ ನೋಡಬೇಕು. ಮರದಲ್ಲಿಯೋ ಕಲ್ಲಿನಲ್ಲಿಯೋ ಮೂರ್ತಿಯನ್ನು ಕೆತ್ತಿ, ಅದರ ಎರಡು ಮಗ್ಗುಲಿಗೂ ಹಸಿಮಣ್ಣನ್ನು ಒತ್ತಿ, ಮಣ್ಣಿನ ಎರಡು ಹೋಳುಗಳನ್ನು ಬಿಡಿಸಿಕೊಂಡು, ಮತ್ತೆ ಜೋಡಿಸಿ, ನಡುವಣ ಪೊಳ್ಳಿಗೆ ಲೋಹವನ್ನು ಹೊಯ್ಯಬಹುದು. ಗಂಟೆ, ತಟ್ಟೆ, ಹಿಡಿಕೆಗಳಂತಹ ಸರಳ ಆಕಾರಗಳಿಗೆ ಇದು ಸಾಕು. ಆದರೆ ತೊಡೆಯನ್ನು ಸುತ್ತಿದ ಬಳ್ಳಿಯ ಹಿಂಭಾಗಕ್ಕೆ ಹೊಕ್ಕ ಮಣ್ಣು, ಹೋಳನ್ನು ಎಳೆದಾಗ ಬಳ್ಳಿಗೆ ಸಿಕ್ಕಿಕೊಂಡು ಮುರಿಯುವುದು. ಬೆರಳುಗಳ ನಡುವಣ ಸಂದು, ಕಿವಿಯ ಒಳಸುಳಿ, ಕೊರಳ ಹಾರದ ಕೆಳಗಣ ನೆರಳು, ಇವೆಲ್ಲವೂ ಮಣ್ಣನ್ನು ಹಿಡಿದುಕೊಂಡು ಬಿಡದಿರುವ ಎಡೆಗಳೇ. ಹೀಗಾಗಿ ಅಚ್ಚನ್ನು ಮೂರ್ತಿಯಿಂದ ಬಿಡಿಸುವ ಪ್ರಮೇಯವೇ ಬಾರದಂತಹ ಒಂದು ಉಪಾಯ ಬೇಕಾಯಿತು. ಮೂರ್ತಿಯನ್ನು ಮೇಣದಲ್ಲಿ ಮಾಡಿ, ಅದರ ಸುತ್ತ ಮಣ್ಣನ್ನು ಮೆತ್ತಿ, ಕಾಯಿಸಿ, ಮೇಣವನ್ನೇ ಕರಗಿಸಿ ಹೊರಗೆ ಹರಿಯಬಿಡುವುದು. ಬಳಿಕ ಮೇಣವಿದ್ದ ಎಡೆಗೆ ಲೋಹವನ್ನು ತುಂಬುವುದು. ಅಚ್ಚಿನಿಂದ ಮೂರ್ತಿಯನ್ನು ಬಿಡಿಸಬೇಕಾದ ಕಷ್ಟವನ್ನು ಮೇಣವು ತಾನು ಅಳಿದು ಪರಿಹರಿಸಿತು.

ಈ ಉಪಾಯ ಬಹು ಪ್ರಾಚೀನವಾದುದು. ಬಲೂಚಿಸ್ತಾನದ ಮೆಹರಗಢದಲ್ಲಿ ದೊರೆತ, ಸುಮಾರು 6000 ವರ್ಷಗಳಷ್ಟು ಹಳೆಯದಾದ ಚಕ್ರಾಕಾರದ ಪುಟ್ಟ ತಾಮ್ರದ ತಾಯಿತವೊಂದು ಈ ರೀತಿಯಿಂದಲೇ ಎರೆದುದೆಂದು ಪರೀಕ್ಷೆಯಿಂದ ತಿಳಿದುಬಂದಿದೆ; 1926 ರಲ್ಲಿ ಮೊಹೆಂಜೊದಾರೊದಲ್ಲಿ ಸಿಕ್ಕ, ಗೇಣುದ್ದವೂ ಇರದ ನರ್ತಕಿಯ ಮೂರ್ತಿಯೂ ಈ ಕುಲಕ್ಕೆ ಸೇರಿದುದು. ಆದರೆ ಕುಲುಮೆಯಲ್ಲಿ ಕೈಯಿಂದ ಕೈಗೆ ಬಂದ ಈ ವಿದ್ಯೆಯನ್ನು ಹಂತಹಂತವಾಗಿ, ತೂಕದ ಲೆಕ್ಕದೊಡನೆ, ಅಕ್ಷರಕ್ಕೆ ಇಳಿಸಿದ ಪ್ರಾಚೀನ ಬರಹಗಳು ವಿರಳ. ಅವುಗಳಲ್ಲಿ ಅತ್ಯಂತ ಸ್ಪಷ್ಟವಾದ ಒಂದು, ನಮ್ಮ ಧಾರವಾಡ ಸೀಮೆಯನ್ನು ಆಳುತ್ತಿದ್ದ ಕನ್ನಡ ನಾಡಿನ ಅರಸನೊಬ್ಬನದೇ ಆಗಿದೆ.

ಅರಸನ ಗ್ರಂಥದಲ್ಲಿ ಕಂಚುಗಾರನ ವಿದ್ಯೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು, ಭೂಲೋಕಮಲ್ಲನೆಂಬ ಬಿರುದನ್ನು ಧರಿಸಿ ಹನ್ನೆರಡನೆಯ ಶತಮಾನದ ಎರಡನೆಯ ಪಾದದಲ್ಲಿ ರಾಜ್ಯವಾಳಿದನು. ಅಣ್ಣಿಗೇರಿಯನ್ನು ಮುಖ್ಯ ಪಟ್ಟಣವನ್ನಾಗಿ ಉಳ್ಳ ಬೆಳ್ವೊಲ-300 ಅವನ ಸಾಮ್ರಾಜ್ಯದ ಒಳನಾಡು. ಅಣ್ಣಿಗೇರಿಯ ಅಮೃತೇಶ್ವರ, ಕುಂದಗೋಳದ ಶಂಭುಲಿಂಗ ಮೊದಲಾದ ದೇವಾಲಯಗಳು ಆ ವಂಶದ ಕಾಲದ ಶಿಲ್ಪಕ್ಕೆ ಇಂದಿಗೂ ಸಾಕ್ಷಿಗಳು. ಈ ಅರಸನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು, ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಇನ್ನೊಂದು ಹೆಸರನ್ನೂ ಪಡೆದು, ನೂರು ಅಧ್ಯಾಯಗಳಲ್ಲಿ ರಾಜನಾದವನು ತಿಳಿದಿರಬೇಕಾದ ಸಮಸ್ತ ವಿಷಯಗಳನ್ನೂ ನಿರೂಪಿಸುವ ಮಹಾಕೋಶ. ಆನೆ, ಕುದುರೆ, ಅಡಿಗೆ, ಸಂಗೀತ, ಚಿತ್ರ, ಮೃಗಯೆ, ಕೋಶ, ದಂಡನೀತಿ ಎಲ್ಲವೂ ಅದರಲ್ಲುಂಟು. 1926 ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳೂ, ಅದೇ ಕಾಲದಲ್ಲಿ ಬಡೋದೆಯಲ್ಲಿ ಜಿ. ಕೆ. ಶ್ರೀಗೊಂಡೇಕರರೂ ಇದನ್ನು ಅಚ್ಚಿಗೆ ತಂದರು. 1936 ರಲ್ಲಿ ಕಲಾ ಇತಿಹಾಸಕಾರರಾದ ಎಸ್. ಕೆ. ಸರಸ್ವತಿಯವರು ಎರಕದ ಭಾಗವನ್ನು ಪ್ರತ್ಯೇಕವಾಗಿ ಎತ್ತಿ ತೋರಿಸಿದ ಮೇಲೆ, ಅದು ವಿದ್ವಾಂಸರ ಗಮನಕ್ಕೆ ಬಂದಿತು.

ಎರಕದ ಮಾತು ಬರುವುದು ಗ್ರಂಥದ ಮೊದಲ ಭಾಗದಲ್ಲಿ, ದೇವತಾಭಕ್ತಿಯ ಪ್ರಸಂಗದಲ್ಲಿ. ರಾಜ್ಯವನ್ನು ಪಡೆಯಲು ಅರ್ಹನಾಗಬಯಸುವವನು ದೇವತೆಗಳನ್ನು ಪೂಜಿಸಬೇಕು. ಪೂಜಿಸಲು ಪ್ರತಿಮೆಯನ್ನು ಮಾಡಿಸಬೇಕು. ಮಾಡಿಸುವವನಿಗೆ ಅದು ಆಗುವ ಬಗೆಯೂ ತಿಳಿದಿರಬೇಕು, ಎಂಬ ಕ್ರಮದಲ್ಲಿ ಇಪ್ಪತ್ತರಷ್ಟು ಶ್ಲೋಕಗಳು ಸಾಗುತ್ತವೆ. ಇದರಲ್ಲಿ ಸ್ತುತಿಯಿಲ್ಲ, ಅಲಂಕಾರವಿಲ್ಲ. ಕುಲುಮೆಯ ಬಳಿ ನಿಂತು ನೋಡಿದವನು ಹೇಳಿಸಿದಂತಹ ನಿರ್ದೇಶಗಳು ಮಾತ್ರ ಇವೆ. ಆ ನಿರ್ದೇಶಗಳನ್ನು ಒಂದೊಂದಾಗಿ ಹಿಡಿದು, ಪ್ರತಿಯೊಂದರ ಹಿಂದಣ ಕಾರಣವನ್ನು ವಿಚಾರಿಸಿದರೆ, ಬಾಹುಬಲಿಯ ಬಳ್ಳಿಯ ಪ್ರಶ್ನೆಗೆ ಉತ್ತರ ದೊರೆಯುವುದು.

ಮೇಣದ ಬಿಂಬ

ಮೊದಲನೆಯದು ಮೇಣದ ಮೂರ್ತಿ. ಶಾಸ್ತ್ರವು ನವತಾಲ ಪ್ರಮಾಣವನ್ನು ಹೇಳುತ್ತದೆ: ಮುಖದ ಉದ್ದವನ್ನು ಒಂದು ತಾಲವೆಂದು ಹಿಡಿದು, ಇಡೀ ದೇಹವನ್ನು ಒಂಬತ್ತು ತಾಲಗಳಿಗೆ ಹೊಂದಿಸುವುದು, ತಾಲಕ್ಕೆ ಹನ್ನೆರಡು ಅಂಗುಲದಂತೆ ಒಟ್ಟು ನೂರೆಂಟು ಅಂಗುಲ. ಇಲ್ಲಿ ಅಂಗುಲವೆಂಬುದು ಕೈಬೆರಳಿನ ಅಳತೆಯಲ್ಲ, ಆಯಾ ಮೂರ್ತಿಯ ನೂರೆಂಟನೆಯ ಒಂದು ಪಾಲು. ಅರ್ಧ ಮೀಟರು ಎತ್ತರದ ಬಿಂಬದಲ್ಲಿ ಒಂದು ಅಂಗುಲವೆಂದರೆ ಐದು ಮಿಲಿಮೀಟರಿಗೂ ಕಡಿಮೆ. ರೆಪ್ಪೆಯ ಅಂಚು, ತುಟಿಯ ಗೆರೆ, ಉಗುರಿನ ಮೊನೆ ಇವೆಲ್ಲ ಆ ಅಂಗುಲದ ಚಿಕ್ಕ ಚಿಕ್ಕ ಅಂಶಗಳು. ಇಷ್ಟು ಸೂಕ್ಷ್ಮವಾದ ಕೆಲಸವನ್ನು ಬೆರಳಿನ ಬಿಸಿಗೆ ಬಾಗುವ, ತಣ್ಣಗಾದೊಡನೆ ನಿಲ್ಲುವ, ತಪ್ಪಿದರೆ ಮತ್ತೆ ತಿದ್ದಲು ಎಡೆಗೊಡುವ ದ್ರವ್ಯದಲ್ಲಿ ಮಾತ್ರ ಮಾಡಬಹುದು.

ಜೇನುಮೇಣವು ಅಂತಹ ದ್ರವ್ಯ. ಸುಮಾರು 63 ಡಿಗ್ರಿಗೆ ಅದು ಕರಗುವುದು. ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುವುದು. ಆದರೆ ಬರಿಯ ಮೇಣವು ನಮ್ಮ ಬೇಸಿಗೆಯಲ್ಲಿ ಅತಿಯಾಗಿ ಮೃದುವಾಗಿ, ಚಾಚಿದ ಕೈ ಜೋತುಬೀಳುವುದು. ಆದುದರಿಂದ ಅದಕ್ಕೆ ರಾಳವನ್ನೂ ಒಂದಿಷ್ಟು ಎಣ್ಣೆಯನ್ನೂ ಬೆರೆಸಿ ಹದಗೊಳಿಸುವ ರೂಢಿ ದಕ್ಷಿಣದ ಕುಲುಮೆಗಳಲ್ಲಿ ಬೆಳೆಯಿತು. ರಾಳವು ಬಿಗಿಯನ್ನು ಕೊಡುವುದು, ಎಣ್ಣೆಯು ಬಿರುಕನ್ನು ತಡೆಯುವುದು. ತಮಿಳುನಾಡಿನ ಸ್ವಾಮಿಮಲೈಯ ಸ್ಥಪತಿಗಳು ಇಂದಿಗೂ ಹೀಗೆಯೇ ಮಾಡುತ್ತಾರೆ. ಮೈ, ತಲೆ, ಕೈ, ಕಾಲುಗಳನ್ನು ಬೇರೆ ಬೇರೆಯಾಗಿ ರೂಪಿಸಿ, ಬಿಸಿಮಾಡಿದ ಕಬ್ಬಿಣದ ಕಡ್ಡಿಯಿಂದ ಸಂದುಗಳನ್ನು ಕರಗಿಸಿ ಕೂಡಿಸುವರು. ಬಾಹುಬಲಿಯ ಬಳ್ಳಿಯಂತಹುದನ್ನು ಮಾಡುವುದಕ್ಕೆ ಕೆತ್ತುವ ಅಗತ್ಯವೇ ಇಲ್ಲ: ಮೇಣವನ್ನು ನೂಲಿನಂತೆ ಹೊಸೆದು, ಮೂರ್ತಿಯ ಮೈಗೆ ಸುತ್ತಿ, ಚಪ್ಪಟೆ ಮಾಡಿದ ಮೇಣದ ಚೂರುಗಳನ್ನು ಎಲೆಯಾಗಿ ಅಂಟಿಸಿದರೆ ಆಯಿತು. ಕಲ್ಲುಕುಟಿಗನು ತೆಗೆದುತೆಗೆದು ರೂಪವನ್ನು ಕಾಣಿಸುವನು; ಮೇಣದ ಶಿಲ್ಪಿಯು ಇಟ್ಟುಇಟ್ಟು ಕಾಣಿಸುವನು. ಕಂಚಿನ ವಿಗ್ರಹಗಳ ಆಭರಣಗಳಲ್ಲಿ ಎಳೆ, ಮಣಿ, ಕುಚ್ಚುಗಳು ಮೈಯಿಂದ ಬೇರೆಯಾಗಿ ಎದ್ದು ತೋರುವುದಕ್ಕೆ ಈ ಇಟ್ಟುಕಟ್ಟುವ ರೀತಿಯೇ ಕಾರಣ.

ಮೂರ್ತಿ ಮುಗಿದ ಮೇಲೆ ಅದಕ್ಕೆ ಮೇಣದ ನಾಳಗಳನ್ನು ಜೋಡಿಸಬೇಕೆಂದು ಸೋಮೇಶ್ವರನು ಹೇಳುತ್ತಾನೆ. ಅವು ದತ್ತೂರದ ಹೂವನ್ನು ಹೋಲಬೇಕು. ಅವುಗಳ ಸ್ಥಾನ ಬೆನ್ನು, ಹೆಗಲು, ಕೊರಳು ಅಥವಾ ಕಿರೀಟ. ಹೊಲದ ಬದುವಿನಲ್ಲಿ ಬೆಳೆಯುವ ಈ ಹೂವನ್ನು ಕಂಡವರಿಗೆ ಉಪಮೆಯ ಔಚಿತ್ಯ ಕೂಡಲೇ ಹೊಳೆಯುವುದು: ಬುಡದಲ್ಲಿ ಸಪೂರ, ಬಾಯಲ್ಲಿ ಅಗಲ. ಮೇಣವು ಕರಗಿಹೋದ ಮೇಲೆ ಈ ನಾಳವೇ ಲೋಹಕ್ಕೆ ದಾರಿಯಾಗುವುದು, ಅಗಲವಾದ ಬಾಯಿ ಹೊಯ್ಯುವವನ ಕೈಗೆ ಆಸರೆಯಾಗುವುದು. ನಾಳವನ್ನು ಬೆನ್ನಿಗೋ ಕಿರೀಟಕ್ಕೋ ಇಡುವುದರಲ್ಲಿಯೂ ವಿವೇಕವುಂಟು. ಎರಕ ಮುಗಿದ ಮೇಲೆ ನಾಳವಿದ್ದೆಡೆಯಲ್ಲಿ ಲೋಹದ ಮೋಟು ಉಳಿಯುವುದು, ಅದನ್ನು ಕತ್ತರಿಸಿ ಅರದಿಂದ ಉಜ್ಜಬೇಕಾಗುವುದು. ಆ ಗಾಯವು ಮುಖದ ಮೇಲಾಗಲಿ ಎದೆಯ ಮೇಲಾಗಲಿ ಬೀಳಕೂಡದು.

ಮಣ್ಣಿನ ಮೂರು ಹೊದಿಕೆ

ಇನ್ನು ಮಣ್ಣು. ಇಡೀ ವಿಧಾನದ ಹೃದಯವು ಇಲ್ಲಿದೆ. ಲೋಹವು ಮೇಣವನ್ನು ಎಂದೂ ಕಾಣುವುದಿಲ್ಲ. ಅದು ಕಾಣುವುದು ಮೇಣವು ಮಣ್ಣಿನ ಒಳಮೈಯಲ್ಲಿ ಬಿಟ್ಟುಹೋದ ಗುರುತನ್ನು. ಮಣ್ಣು ಗ್ರಹಿಸದ ಗೆರೆಯನ್ನು ಎಂತಹ ಉತ್ತಮ ಕಂಚೂ ತೋರಿಸಲಾರದು.

ಕುಂದಗೋಳ ತಾಲೂಕಿನ ಕುಬಿಹಾಳದಂತಹ ಊರಿನಲ್ಲಿ, ಎರೆಹೊಲದ ನಡುವೆ ಬಾಳುವವರಿಗೆ ಮಣ್ಣಿನ ಸ್ವಭಾವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಳೆ ಬಿದ್ದಾಗ ಉಬ್ಬಿ ಕಾಲಿಗೆ ಅಂಟುವ ಕರಿಮಣ್ಣು, ಬೇಸಿಗೆಯಲ್ಲಿ ಕುಗ್ಗಿ, ಕೈ ಹೋಗುವಷ್ಟು ಬಾಯಿ ಬಿಡುವುದು. ಹೀರಿದ ನೀರೆಲ್ಲ ಆರಿದಾಗ ಅಷ್ಟು ಗಾತ್ರವು ಕಡಿಮೆಯಾಗಲೇಬೇಕಾದುದರಿಂದ, ಜಿಗುಟು ಹೆಚ್ಚಿದಷ್ಟೂ ಬಿರುಕೂ ಹೆಚ್ಚು. ಇಂತಹ ಮಣ್ಣನ್ನು ಹಾಗೆಯೇ ಮೇಣದ ಮೂರ್ತಿಗೆ ಮೆತ್ತಿದರೆ, ಒಣಗುವಾಗ ಅದು ಸೀಳುವುದು. ಸೀಳಿನೊಳಗೆ ಲೋಹವು ನುಗ್ಗಿ, ಮೂರ್ತಿಯ ಮೈಮೇಲೆ ತೆಳುವಾದ ರೆಕ್ಕೆಗಳಂತೆ ಏಳುವುದು. ಇದಕ್ಕೆ ವಿರುದ್ಧವಾಗಿ ಬರಿಯ ಮರಳನ್ನು ಬಳಸಿದರೆ ಬಿರುಕೇನೋ ಬಾರದು. ಆದರೆ ಅದು ಮೇಣಕ್ಕೆ ಅಂಟದು, ಸೂಕ್ಷ್ಮವಾದ ಗೆರೆಯನ್ನು ಹಿಡಿಯದು. ಆದುದರಿಂದ ನುಣುಪಾದ ಜಿಗುಟುಮಣ್ಣನ್ನೇ ತೆಗೆದುಕೊಂಡು, ಅದರ ಕುಗ್ಗುವ ಗುಣವನ್ನು ಬೇರೆ ದ್ರವ್ಯಗಳಿಂದ ಕಟ್ಟಿಹಾಕಬೇಕು. ಕಾವೇರಿಯ ದಡದ ಕುಲುಮೆಗಳು ಈ ಕಾರಣದಿಂದಲೇ ಹೊಳೆಯ ನುಣ್ಣನೆಯ ಮೆಕ್ಕಲುಮಣ್ಣನ್ನು ಆರಿಸಿಕೊಂಡುವು.

ಸೋಮೇಶ್ವರನು ಹೇಳುವ ಹದ ಹೀಗಿದೆ: ಮಣ್ಣಿಗೆ ಸುಟ್ಟ ಹೊಟ್ಟಿನ ಮಸಿಯನ್ನೂ, ನೂರು ಬಾರಿ ಎಂಬಂತೆ ಸಣ್ಣಸಣ್ಣಗೆ ಕತ್ತರಿಸಿದ ಹತ್ತಿಯನ್ನೂ, ಸ್ವಲ್ಪ ಉಪ್ಪನ್ನೂ ಸೇರಿಸಿ, ನಯವಾದ ಕಲ್ಲಿನ ಮೇಲೆ ಎಲ್ಲವನ್ನೂ ಒಂದಾಗುವಂತೆ ಅರೆಯಬೇಕು. ಹೊಟ್ಟಿನ ಮಸಿಯು ತಾನು ಕುಗ್ಗದ ವಸ್ತುವಾದುದರಿಂದ, ಮಣ್ಣಿನ ಕಣಗಳ ನಡುವೆ ಕುಳಿತು ಅದರ ಒಟ್ಟು ಕುಗ್ಗುವಿಕೆಯನ್ನು ತಗ್ಗಿಸುವುದು. ಹತ್ತಿಯ ಎಳೆಗಳು ಹಸಿಮಣ್ಣನ್ನು ಎಲ್ಲ ದಿಕ್ಕಿಗೂ ಹಿಡಿದು, ಕೂದಲೆಳೆಯ ಸೀಳು ದೊಡ್ಡದಾಗದಂತೆ ತಡೆಯುವುವು. ಬಳಿಕ ಅಚ್ಚನ್ನು ಕಾಯಿಸಿದಾಗ ಹತ್ತಿಯು ಉರಿದುಹೋಗಿ, ಅದಿದ್ದೆಡೆಯಲ್ಲೆಲ್ಲ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುವುವು. ಲೋಹವು ಒಳಗೆ ಹರಿದು ಬರುವಾಗ ಅಲ್ಲಿದ್ದ ಗಾಳಿಗೆ ಹೊರಹೋಗಲು ಈ ರಂಧ್ರಗಳೇ ದಾರಿ. ಹತ್ತಿಯು ಮೊದಲು ಹಸಿಮಣ್ಣಿಗೆ ಬಲವಾಗಿ, ಬಳಿಕ ಸುಟ್ಟ ಅಚ್ಚಿಗೆ ಉಸಿರಾಗಿ, ಎರಡು ಉಪಕಾರಗಳನ್ನು ಮಾಡುವುದು. ಹತ್ತಿಯನ್ನು ಬೆಳೆದು ಬಲ್ಲ ಈ ಸೀಮೆಯವರು ಅದರ ಇಂತಹ ಉಪಯೋಗವನ್ನು ತಿಳಿದಿರುವುದು ಯುಕ್ತ.

ಇಂತು ಸಂಸ್ಕರಿಸಿದ ಮಣ್ಣನ್ನು ಮೂರು ಸಲ ಬಳಿಯಬೇಕು. ಮೊದಲನೆಯ ಲೇಪ ಅತ್ಯಂತ ತೆಳುವಾಗಿ, ಒಳಗಣ ಮೇಣವು ತೋರುವಷ್ಟು ಸ್ವಚ್ಛವಾಗಿರಬೇಕು. ಅದನ್ನು ನೆರಳಿನಲ್ಲಿ ಆರಿಸಬೇಕು. ಎರಡು ದಿನ ಕಳೆದ ಮೇಲೆ ಎರಡನೆಯದನ್ನು ಬಳಿದು, ಅದು ಒಣಗಿದ ಬಳಿಕ ಮೂರನೆಯದನ್ನು ದಪ್ಪವಾಗಿ ಕೊಡಬೇಕು. ಪ್ರತಿಸಲವೂ ನಾಳಗಳ ಬಾಯಿಯನ್ನು ಮಾತ್ರ ಮುಚ್ಚದೆ ಬಿಡಬೇಕು. ತೆಳುವಾದ ಮೊದಲ ಲೇಪವು ಗುಳ್ಳೆಗೆ ಅವಕಾಶಕೊಡದೆ ಕಣ್ಣಿನ ಮೂಲೆಗೂ ಬೆರಳ ಸಂದಿಗೂ ಹರಿಯಬಲ್ಲುದು. ತೆಳುವಾಗಿರುವುದರಿಂದಲೇ ಅದು ಒಂದೇ ಸಮನಾಗಿ ಒಣಗುವುದು. ಬಿಸಿಲಿಗಿಟ್ಟರೆ ಹೊರಮೈ ಬೇಗನೆ ಒಣಗಿ, ಒಳಗೆ ಹಸಿ ಉಳಿದು, ಲೇಪ ಸಿಡಿಯುವುದು. ಅದಕ್ಕೂ ಮೊದಲು ಮೇಣವೇ ಮೆತ್ತಗಾಗಿ ರೂಪ ಕೆಡುವುದು. ಮೂರನೆಯ ದಪ್ಪ ಹೊದಿಕೆಗೆ ಸೌಂದರ್ಯದ ಚಿಂತೆಯಿಲ್ಲ. ಮೇಣದ ಮೂರ್ತಿಯ ಒಂಬತ್ತರಷ್ಟು ತೂಕದ ಲೋಹ ನುಗ್ಗಿದಾಗ ಅಚ್ಚು ಒಡೆಯದಂತೆ ತಡೆಯುವುದೇ ಅದರ ಧರ್ಮ. ಸೂಕ್ಷ್ಮತೆಗೆ ಒಂದು ಲೇಪ, ಬಲಕ್ಕೆ ಒಂದು ಲೇಪ, ಎರಡನ್ನೂ ಬೆಸೆಯಲು ನಡುವೆ ಒಂದು: ಈ ವಿಂಗಡಣೆಯಲ್ಲಿಯೇ ಕಂಚಿನ ಕುಸುರಿಯ ರಹಸ್ಯದ ಬಹುಭಾಗ ಅಡಗಿದೆ.

ತೂಕದ ಲೆಕ್ಕ

ಎಷ್ಟು ಲೋಹವನ್ನು ಕರಗಿಸಬೇಕು? ಕಡಿಮೆಯಾದರೆ ಮೂರ್ತಿ ಅಪೂರ್ಣ. ನಡುವೆ ನಿಲ್ಲಿಸಿ ಮತ್ತೆ ಕರಗಿಸಿ ಹೊಯ್ಯೋಣವೆಂದರೆ ಹಳೆಯದೂ ಹೊಸದೂ ಕೂಡದು. ಮುಚ್ಚಿದ ಅಚ್ಚಿನ ಒಳಗಣ ಪೊಳ್ಳನ್ನು ಅಳೆಯುವ ಸಾಧನವೂ ಇಲ್ಲ. ಇದಕ್ಕೆ ಶಾಸ್ತ್ರವು ಕೊಡುವ ಪರಿಹಾರ ಸರಳವಾದುದು: ಮಣ್ಣು ಮೆತ್ತುವ ಮೊದಲೇ ಮೇಣವನ್ನು ತೂಗಿಡು. ಬೆಳ್ಳಿಯಲ್ಲಿ ಎರೆಯುವುದಾದರೆ ಮೇಣದ ಹನ್ನೆರಡರಷ್ಟು, ಚಿನ್ನದಲ್ಲಾದರೆ ಹದಿನಾರರಷ್ಟು ಲೋಹ ಬೇಕೆಂದೂ, ತಾಮ್ರ-ಹಿತ್ತಾಳೆಗಳಿಗೆ ಇದಕ್ಕಿಂತ ಕಡಿಮೆಯೆಂದೂ ಅದು ವಿಧಿಸುತ್ತದೆ.

ಈ ಅಂಕಿಗಳನ್ನು ಇಂದಿನ ಸಾಂದ್ರತೆಯ ಮಾನದಿಂದ ಪರೀಕ್ಷಿಸಿ ನೋಡಬಹುದು. ನೀರನ್ನು ಒಂದೆಂದು ಹಿಡಿದರೆ ಜೇನುಮೇಣವು ಸುಮಾರು 0.96, ಬೆಳ್ಳಿಯು 10.5. ಒಂದೇ ಗಾತ್ರದ ಬೆಳ್ಳಿಯು ಮೇಣದ ಸುಮಾರು ಹನ್ನೊಂದರಷ್ಟು ತೂಗುವುದು. ಶಾಸ್ತ್ರವು ಹನ್ನೆರಡೆಂದಿರುವುದರಿಂದ, ಮೂಸೆಗೆ ಅಂಟಿ ಉಳಿಯುವುದಕ್ಕೂ ಬೆಂಕಿಯಲ್ಲಿ ನಷ್ಟವಾಗುವುದಕ್ಕೂ ಒಂದು ಪಾಲು ಮಿಗಿಸಿದಂತಾಯಿತು. ಅಪ್ಪಟ ಚಿನ್ನವಾದರೆ ಲೆಕ್ಕವು ಇಪ್ಪತ್ತರ ಹತ್ತಿರ ಬರಬೇಕು. ಹದಿನಾರು ಎಂಬುದು ಬೆಳ್ಳಿ-ತಾಮ್ರಗಳ ಬೆರಕೆಯುಳ್ಳ ಚಿನ್ನಕ್ಕೆ ಹೊಂದುವ ಅಂಕಿ. ಕಂಚಿನ ಸಾಂದ್ರತೆ 8.8ರ ಸುಮಾರಿನದು. ನಾಳಗಳೂ ಸೇರಿ ಎರಡು ಕಿಲೋ ಮೇಣ ಹಿಡಿದ ಒಂದು ಬಿಂಬವನ್ನು ಕಂಚಿನಲ್ಲಿ ಎರೆಯಬೇಕಾದರೆ ಹದಿನೆಂಟು ಕಿಲೋಗಿಂತ ತುಸು ಹೆಚ್ಚು ಲೋಹ ಅಚ್ಚನ್ನು ತುಂಬುವುದು. ಎಚ್ಚರವುಳ್ಳ ಕಂಚುಗಾರನು ಮೂಸೆಗೆ ಇಪ್ಪತ್ತು ಕಿಲೋ ಹಾಕುವನು. ನಮ್ಮ ದಕ್ಷಿಣದ ಮೂರ್ತಿಗಳು ಬಹುಮಟ್ಟಿಗೆ ಒಳಗೆ ಪೊಳ್ಳಿಲ್ಲದ ಘನ ಎರಕಗಳಾದುದರಿಂದ ಈ ಲೆಕ್ಕವು ನೇರವಾಗಿ ಅನ್ವಯಿಸುವುದು. ಗ್ರೀಸಿನ ಆಳೆತ್ತರದ ಕಂಚುಗಳಲ್ಲಿ, ನೇಪಾಳದ ಅನೇಕ ವಿಗ್ರಹಗಳಲ್ಲಿ, ಒಳಗೆ ಮಣ್ಣಿನ ತಿರುಳನ್ನು ಇಟ್ಟು ಅದರ ಮೇಲೆ ಮೇಣವನ್ನು ಹೊದಿಸಿದ ಪೊಳ್ಳು ಎರಕವನ್ನು ಕಾಣುತ್ತೇವೆ. ಅಲ್ಲಿ ಲೋಹದ ಉಳಿತಾಯವೇನೋ ಆಗುವುದು, ಆದರೆ ತಿರುಳು ಸ್ಥಾನ ಬಿಟ್ಟು ಜರುಗದಂತೆ ಲೋಹದ ಮೊಳೆಗಳಿಂದ ಹಿಡಿದು ನಿಲ್ಲಿಸುವ ಇನ್ನೊಂದು ಕ್ಲೇಶ ಸೇರಿಕೊಳ್ಳುವುದು.

ಲೋಹ ಯಾವುದೆಂಬುದೂ ವಿಚಾರಣೀಯ. ಪಂಚಲೋಹವೆಂದು ಭಕ್ತರು ಕರೆಯುವ ವಿಗ್ರಹಗಳಲ್ಲಿ ಐದೂ ಲೋಹಗಳು ಸಮನಾಗಿರುತ್ತವೆಂಬ ನಂಬಿಕೆಯುಂಟು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಪ್ರಾಚೀನ ಲೋಹಶಾಸ್ತ್ರಜ್ಞೆ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ಸುಮಾರು 130 ವಿಗ್ರಹಗಳನ್ನು ಪರೀಕ್ಷಿಸಿದಾಗ, ಹೆಚ್ಚಿನವು ತವರ ಮತ್ತು ಸೀಸ ಬೆರೆತ ತಾಮ್ರವೆಂದೂ, ಚಿನ್ನ-ಬೆಳ್ಳಿಗಳು ಅತ್ಯಲ್ಪವೆಂದೂ ಕಂಡುಬಂದಿತು. ತವರವು ತಾಮ್ರದ ಕರಗುವ ಉಷ್ಣತೆಯನ್ನು ತಗ್ಗಿಸುವುದು: ಅಪ್ಪಟ ತಾಮ್ರಕ್ಕೆ ಸುಮಾರು 1085 ಡಿಗ್ರಿ ಬೇಕಾದರೆ, ನೂರಕ್ಕೆ ಹತ್ತು ತವರವಿರುವ ಕಂಚಿಗೆ 1000 ಡಿಗ್ರಿಯ ಸಮೀಪ ಸಾಕು. ಸೀಸವು ದ್ರವವನ್ನು ಸರಾಗವಾಗಿ ಹರಿಯಗೊಡುವುದು. ಬಳ್ಳಿಯ ತುದಿಗೆ ಹರಿಯಬೇಕಾದ ಲೋಹಕ್ಕೆ ಈ ಎರಡೂ ಸಹಾಯಗಳು ಅತ್ಯವಶ್ಯ. ಆದರೆ ತವರವನ್ನು ಮನಬಂದಂತೆ ಏರಿಸಲಾಗದು. ಹೆಚ್ಚು ತವರದ ಕಂಚು ಇಂಪಾಗಿ ನುಡಿಯುವುದು, ಪೆಟ್ಟಿಗೆ ಸಿಡಿಯುವುದು.

ಬೆಂಕಿಯ ಘಳಿಗೆ

ಅಚ್ಚು ಚೆನ್ನಾಗಿ ಒಣಗಿದ ಮೇಲೆ ಅದನ್ನು ಕಾಯಿಸುವರು. ಮೇಣವು ನಾಳದ ಬಾಯಿಂದ ಹರಿದುಹೋಗುವುದು. ಲೋಹವನ್ನು ತೆಂಗಿನಕಾಯಿಯ ಆಕಾರದ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ಕೆಂಡದ ನಡುವೆ ಇಟ್ಟು, ತಿದಿಯೂದಿ ಕರಗಿಸಬೇಕೆಂದು ಸೋಮೇಶ್ವರನು ಹೇಳುತ್ತಾನೆ. ಮುಚ್ಚಿದ ಮೂಸೆಯಲ್ಲಿ ಗಾಳಿಯ ಸಂಪರ್ಕ ತಪ್ಪುವುದರಿಂದ ಲೋಹವು ಸುಟ್ಟು ಕಿಟ್ಟವಾಗುವುದು ಕಡಿಮೆ. ಲೋಹವು ನೀರಾದ ಮೇಲೆ ಕಬ್ಬಿಣದ ಸಲಾಕೆಯಿಂದ ಮೂಸೆಗೆ ರಂಧ್ರವನ್ನು ಕೊರೆದು, ಇಕ್ಕಳದಿಂದ ಭದ್ರವಾಗಿ ಹಿಡಿದೆತ್ತಿ, ಕಾದಿರುವ ಅಚ್ಚಿನ ನಾಳಕ್ಕೆ ಎಡೆಬಿಡದ ಧಾರೆಯಾಗಿ ಹೊಯ್ಯಬೇಕು. ನಾಳದ ಬಾಯಿಯವರೆಗೆ ತುಂಬಿದೊಡನೆ ನಿಲ್ಲಿಸಬೇಕು. ಆಮೇಲೆ ಸುತ್ತಣ ಬೆಂಕಿಯನ್ನು ಆರಿಸಿ, ಅಚ್ಚು ತಾನಾಗಿ ತಣಿಯುವವರೆಗೆ ಕಾಯಬೇಕು.

ಇಲ್ಲಿ ಪ್ರತಿಯೊಂದು ಮಾತೂ ಒಂದೊಂದು ಅನಾಹುತದ ವಿರುದ್ಧ ಕೊಟ್ಟ ಎಚ್ಚರಿಕೆ. ಅಚ್ಚು ತಣ್ಣಗಿದ್ದರೆ, ತೆಳುವಾದ ಎಡೆಗಳನ್ನು ಮುಟ್ಟುವ ಮೊದಲೇ ಲೋಹವು ಹೆಪ್ಪುಗಟ್ಟುವುದು. ಬೆರಳುಗಳು ಮೋಟಾಗುವುವು, ಬಳ್ಳಿಯು ನಡುವೆಯೇ ನಿಲ್ಲುವುದು. ಧಾರೆ ಕಡಿದರೆ, ಮೊದಲು ಬಿದ್ದ ಲೋಹದ ಮೇಲೆ ಸಿಪ್ಪೆ ಕಟ್ಟಿ, ಬಳಿಕ ಬಿದ್ದುದು ಅದರೊಡನೆ ಬೆಸೆಯದೆ, ಅಲ್ಲಿ ಅಡ್ಡಲಾಗಿ ಒಂದು ಗೆರೆ ಉಳಿಯುವುದು. ಅಚ್ಚಿನಲ್ಲಿ ಹಸಿ ಉಳಿದಿದ್ದರೆ ಅದು ಕ್ಷಣಾರ್ಧದಲ್ಲಿ ಉಗಿಯಾಗಿ, ಲೋಹವನ್ನು ಹೊರಕ್ಕೆ ಚಿಮ್ಮಿಸಿ, ಹೊಯ್ಯುವವರ ಪ್ರಾಣಕ್ಕೇ ಎರವಾಗಬಹುದು. ಅಲ್ಪಸ್ವಲ್ಪವೇ ಉಳಿದರೂ, ಅಥವಾ ಮೇಣ ಪೂರ್ತಿಯಾಗಿ ಹೋಗದೆ ಇದ್ದರೂ, ಮೂರ್ತಿಯ ಮೈಯೆಲ್ಲ ಸಣ್ಣ ಸಣ್ಣ ಗುಳಿಗಳಾಗುವುವು. ಅವಸರದಿಂದ ತಣಿಸಿದರೆ, ದಪ್ಪವಾದ ಮುಂಡವೂ ತೆಳುವಾದ ಕೈಯೂ ಬೇರೆ ಬೇರೆ ವೇಗದಲ್ಲಿ ಕುಗ್ಗಿ ಸಂದಿನಲ್ಲಿ ಬಿರಿಯುವುವು.

ಈ ಕುಗ್ಗುವಿಕೆಯನ್ನು ಪೂರ್ತಿಯಾಗಿ ತಪ್ಪಿಸಲಾಗದು. ಕಂಚು ಗಟ್ಟಿಯಾಗಿ ತಣಿಯುವಷ್ಟರಲ್ಲಿ ಉದ್ದದಲ್ಲಿ ನೂರಕ್ಕೆ ಒಂದೂವರೆಯ ಆಸುಪಾಸು ಕಡಿಮೆಯಾಗುವುದು. ಅರ್ಧ ಮೀಟರಿನ ಮೇಣದ ಬಿಂಬವು ಲೋಹವಾದಾಗ ಏಳೆಂಟು ಮಿಲಿಮೀಟರು ಗಿಡ್ಡಾಗುವುದು. ಆದರೆ ಎಲ್ಲ ಅಂಗಗಳೂ ಸಮನಾಗಿ ಕುಗ್ಗುವುದರಿಂದ ತಾಲಮಾನದ ಪ್ರಮಾಣ ಕೆಡದು. ಅಂಗುಲವೇ ಕಿರಿದಾಗುವುದರಿಂದ ನೂರೆಂಟು ಅಂಗುಲವು ನೂರೆಂಟಾಗಿಯೇ ಉಳಿಯುವುದು. ನಾಳದ ಅಗಲವಾದ ಬಾಯಲ್ಲಿ ನಿಂತ ಲೋಹವು ಕೊನೆಯವರೆಗೆ ದ್ರವವಾಗಿದ್ದು, ಒಳಗಣ ಮೂರ್ತಿ ಕುಗ್ಗಿದಂತೆಲ್ಲ ಇಳಿದು ಕೊರತೆಯನ್ನು ತುಂಬುವುದು. ದತ್ತೂರದ ಹೂವಿನ ಆಕಾರಕ್ಕೆ ಇದೂ ಒಂದು ಕಾರಣ.

ಲೋಹವು ಅಚ್ಚನ್ನು ಸೇರುವ ಮೊದಲೇ ಹೆಪ್ಪುಗಟ್ಟುವ ಸಂಕಟಕ್ಕೆ ಯುರೋಪಿನ ಒಂದು ಪ್ರಸಿದ್ಧ ನಿದರ್ಶನವುಂಟು. ಇಟಲಿಯ ಫ್ಲಾರೆನ್ಸಿನಲ್ಲಿ 1554 ರಲ್ಲಿ ಅನಾವರಣಗೊಂಡ ಪರ್ಸಿಯಸ್ಸನ ಪ್ರತಿಮೆಯನ್ನು ಎರೆದ ಬೆನ್ವೆನೂತೊ ಚೆಲ್ಲೀನಿಯು, ಕುಲುಮೆಯಲ್ಲಿ ಕಂಚು ಗಟ್ಟಿಯಾಗತೊಡಗಿದಾಗ ಮನೆಯಲ್ಲಿದ್ದ ತವರದ ತಟ್ಟೆ-ಬಟ್ಟಲುಗಳನ್ನೆಲ್ಲ ತಂದು ಅದರೊಳಗೆ ಹಾಕಿಸಿ, ಲೋಹವನ್ನು ಮತ್ತೆ ಹರಿಯುವಂತೆ ಮಾಡಿದನೆಂದು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನಿಗಿಂತ ನಾಲ್ಕು ಶತಮಾನಗಳಿಗೂ ಹಿಂದೆ ಬರೆದ ಕಲ್ಯಾಣದ ಅರಸನ ಗ್ರಂಥದಲ್ಲಿ ಇಂತಹ ಸಾಹಸದ ಕಥೆಯಿಲ್ಲ. ಸಾಹಸದ ಅಗತ್ಯವೇ ಬೀಳದಂತೆ ತೂಕ, ಕಾವು, ಧಾರೆಗಳ ಕ್ರಮವಿದೆ.

ವಿಗ್ರಹವನ್ನು ಓದುವ ಬಗೆ

ಅಚ್ಚು ತಣಿದ ಮೇಲೆ ಮಣ್ಣನ್ನು ಮೆಲ್ಲಗೆ ಒಡೆದು ತೆಗೆಯುವರು. ಮೇಣದಲ್ಲಿ ಹೇಗಿದ್ದಿತೋ ಹಾಗೆಯೇ ಲೋಹದಲ್ಲಿ ಮೂರ್ತಿ ಕಾಣಿಸಿಕೊಳ್ಳುವುದು. ನಾಳದ ಮೋಟುಗಳನ್ನು ಕತ್ತರಿಸಿ, ಅರ ಹಾಕಿ, ಉಜ್ಜಿ ಹೊಳಪು ಕೊಟ್ಟಲ್ಲಿಗೆ ಕೆಲಸ ಮುಗಿಯಿತು. ಒಂದು ಅಚ್ಚಿನಿಂದ ಒಂದೇ ವಿಗ್ರಹ. ಮೇಣವೂ ಹೋಯಿತು, ಮಣ್ಣೂ ಹೋಯಿತು. ಎರಕ ಕೆಟ್ಟರೆ ಲೋಹವನ್ನೇನೋ ಮತ್ತೆ ಕರಗಿಸಬಹುದು; ಮೇಣದಲ್ಲಿ ಮಾಡಿದ ಕೈಗೆಲಸವನ್ನೆಲ್ಲ ಮೊದಲಿನಿಂದ ಆರಂಭಿಸಬೇಕು.

ಈ ಕ್ರಮವನ್ನು ತಿಳಿದವನು ಹಳೆಯ ಕಂಚನ್ನು ನೋಡುವಾಗ ಅದರ ಜನ್ಮವೃತ್ತಾಂತವನ್ನೇ ಓದಬಲ್ಲನು. ಮೇಣದಲ್ಲಿ ಎಳೆದ ಗೆರೆಯ ಅಂಚು ದುಂಡಗೆ, ಮೃದುವಾಗಿ, ಒಳಕ್ಕೆ ಇಳಿದಿರುವುದು. ಎರಕದ ಮೇಲೆ ಚಾಣದಿಂದ ಹೊಡೆದ ಗೆರೆ ಹರಿತವಾಗಿ, ಪೆಟ್ಟುಪೆಟ್ಟಿನ ಹೆಜ್ಜೆಗಳುಳ್ಳದ್ದಾಗಿ ತೋರುವುದು. ಪ್ರಾಚೀನ ಉತ್ತಮ ವಿಗ್ರಹಗಳಲ್ಲಿ ಮೊದಲನೆಯ ಬಗೆಯೇ ಹೆಚ್ಚು. ಈಚಿನ ಶತಮಾನಗಳಲ್ಲಿ ಸಾಧಾರಣವಾಗಿ ಎರೆದು, ಕುಸುರಿಯನ್ನೆಲ್ಲ ಚಾಣದಿಂದ ಮಾಡುವ ರೂಢಿ ಬೆಳೆಯಿತು. ಬೆನ್ನಿನಲ್ಲಿ ಅಥವಾ ಕಿರೀಟದ ಹಿಂದೆ ಅರ ಹಾಕಿದ ಚಪ್ಪಟೆ ಎಡೆಯಿದ್ದರೆ ಅಲ್ಲಿ ನಾಳವಿದ್ದಿತೆಂದು ತಿಳಿಯಬೇಕು. ಮೈಮೇಲೆ ಏಳುವ, ಯಾವ ಆಭರಣಕ್ಕೂ ಸೇರದ ಕೂದಲೆಳೆಯ ಏಣು ಮಣ್ಣಿನ ಬಿರುಕಿನ ಗುರುತು. ಚೌಕವಾಗಿ ಕೂಡಿಸಿದ ಪುಟ್ಟ ತೇಪೆಯು ಎರಕದ ಗುಳಿಯನ್ನು ಮುಚ್ಚಿದ ಶಿಲ್ಪಿಯ ವಿವೇಕ. ಇವು ಕುಂದುಗಳಾದರೂ, ಒಬ್ಬ ಕಂಚುಗಾರನು ಒಂದು ದಿನ ಎದುರಿಸಿದ ಕಷ್ಟದ ದಾಖಲೆಗಳು.

ಆದುದರಿಂದ ಬಾಹುಬಲಿಯ ಬಳ್ಳಿಯ ಪ್ರಶ್ನೆಗೆ ಉತ್ತರವನ್ನು ಹೀಗೆ ಸಂಗ್ರಹಿಸಬಹುದು: ಕಂಚಿನ ಸೂಕ್ಷ್ಮತೆಯು ಬೆಂಕಿಯಲ್ಲಿ ಹುಟ್ಟಿದುದಲ್ಲ. ಅದು ಬೆಂಕಿಗೆ ಮೊದಲೇ, ಮೇಣದ ಎಳೆಯಲ್ಲಿಯೂ, ನೆರಳಿನಲ್ಲಿ ಆರಿದ ತೆಳುವಾದ ಮೊದಲ ಲೇಪದಲ್ಲಿಯೂ ನಿಶ್ಚಿತವಾದುದು; ಬೆಂಕಿಯು ಅದನ್ನು ಕೆಡಿಸದಂತೆ ನೋಡಿಕೊಳ್ಳುವುದಷ್ಟೇ ಉಳಿದ ವಿಧಾನದ ಉದ್ದೇಶ.

ನಮ್ಮ ಹಳ್ಳಿಗಳ ಗುಡಿಗಳಲ್ಲಿ, ಬಸದಿಗಳಲ್ಲಿ, ಮನೆಯ ಜಗಲಿಗಳಲ್ಲಿ ಹಳೆಯ ಲೋಹದ ಉತ್ಸವಮೂರ್ತಿಗಳು ಇನ್ನೂ ಉಳಿದಿವೆ. ಹಬ್ಬಹಬ್ಬಕ್ಕೂ ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿಗಳಿಂದ ಬಲವಾಗಿ ತಿಕ್ಕುವುದರಿಂದ ಅವುಗಳ ಕಣ್ಣು, ಮೂಗು, ಹಾರದ ಎಳೆಗಳು ತಲೆಮಾರಿನಿಂದ ತಲೆಮಾರಿಗೆ ಸವೆಯುತ್ತಿವೆ. ಸವೆದುವೆಂದು ಕೆಲವೆಡೆ ಅವನ್ನೇ ಕರಗಿಸಿ ಹೊಸತನ್ನು ಎರೆಸುವುದೂ ಉಂಟು. ಹೀಗೆ ಅಳಿದುದು ಮತ್ತೆ ಬಾರದು, ಏಕೆಂದರೆ ಅದರ ಅಚ್ಚನ್ನು ಶಿಲ್ಪಿಯು ಅಂದೇ ಒಡೆದುಬಿಟ್ಟಿದ್ದಾನೆ. ಪೂಜಾರಿಗಳೂ, ಮನೆಯ ಹಿರಿಯರೂ, ಊರ ದೈವದವರೂ ಹಳೆಯ ವಿಗ್ರಹಗಳನ್ನು ಶುದ್ಧವಾದ ನೀರಿನಿಂದ ತೊಳೆದು, ಮೆತ್ತಗಿನ ಬಟ್ಟೆಯಿಂದ ಒರಸಿ, ತೇವ ಉಳಿಯದಂತೆ ಆರಿಸಿಡುವ ಪದ್ಧತಿಯನ್ನು ಹಿಡಿಯಬೇಕು. ಯಾವುದನ್ನೇ ಆಗಲಿ ಕುಲುಮೆಗೆ ಕಳುಹುವ ಮೊದಲು ಬಲ್ಲವರಿಗೆ ಒಮ್ಮೆ ತೋರಿಸಬೇಕು.